ಲಾಭ ಐತಿ, ರೊಕ್ಕ ಎಲ್ಲೈತಿ? ಅಕ್ಕಿ ಕಂಪನಿಯೊಂದರ ಆನ್ಯುವಲ್ ರಿಪೋರ್ಟ್ ಮುಂದಿಟ್ಕೊಂಡು ಲಾಭದ ಮೇಕಪ್ ಹಿಡಿಯೋದು ಹೆಂಗ

ನಮ್ಮ ಬಳ್ಳಾರಿ ಆಫೀಸಿಗೆ ಸಿಎ ಕಲಿಕೆಯ ಆರ್ಟಿಕಲ್‌ಶಿಪ್‌ಗೆ ಬರೋ ಹುಡುಗ್ರು ಆನ್ಯುವಲ್ ರಿಪೋರ್ಟ್ ಕೈಗೆ ಕೊಟ್ಟ ಕೂಡ್ಲೇ ಎರಡು ಕೆಲಸ ಮಾಡ್ತಾರ, ಒಂದು ಛೇರ್ಮನ್ ಫೋಟೋ ಇರೋ ಪುಟ ನೋಡ್ತಾರ, ಇನ್ನೊಂದು ಸೀದಾ ಲಾಭದ ಸಾಲಿಗೆ ಹೋಗ್ತಾರ. ಮೇಕಪ್ ಮಾಡೋರಿಗೂ ಅದೇ ಬೇಕು, ನೀವು ಅಲ್ಲೇ ನೋಡ್ರಿ ಅಂತಾನೇ ಅವ್ರು ಅಲ್ಲಿ ಪೌಡರ್ ಹಚ್ಚಿರ್ತಾರ. ಇಲ್ಲಿ ನಾನು ಹುಡುಗ್ರಿಗೆ ಪಾಠ ಮಾಡೋ ಒಂದು ಕೇಸ್ ಇಡ್ತೀನಿ. ಗಂಗಾವತಿ ಕಡೆ ಅಕ್ಕಿ ಮಿಲ್ ಇರೋ, ಶೇರ್ ಮಾರ್ಕೆಟ್‌ನಾಗ ಲಿಸ್ಟ್ ಆಗಿರೋ ಒಂದು ಸಣ್ಣ ಕಂಪನಿ ಅಂತ ಇಟ್ಕೊಳ್ರಿ. ಇದು ಯಾವ ನಿಜವಾದ ಕಂಪನಿನೂ ಅಲ್ಲ, ಬ್ಯಾರೆ ಬ್ಯಾರೆ ಕಡೆ ಕಂಡ ಲಕ್ಷಣಗಳನ್ನ ಕೂಡಿಸಿ, ಲೆಕ್ಕ ತಿಳಿಲಿ ಅಂತ ಅಂಕಿ ರೌಂಡ್ ಮಾಡಿ ಕಟ್ಟಿದ ಕೇಸ್. ಅಂಕಿ ಎಲ್ಲಾ ಕೋಟಿ ರೂಪಾಯಿನಾಗ.

ಹೋದ ವರ್ಷ ಸೇಲ್ಸ್ 240, ತೆರಿಗೆ ಕಳೆದ ಲಾಭ 7.2. ಈ ವರ್ಷ ಸೇಲ್ಸ್ 312, ಲಾಭ 14. ಸೇಲ್ಸ್ ನೂರಕ್ಕೆ 30 ಏರೈತಿ, ಲಾಭ ಹತ್ತತ್ರ ಡಬಲ್. ಆಡಿಟ್ ರಿಪೋರ್ಟ್ ಕ್ಲೀನ್.

ಶುರು ಮಾಡೋ ಮೊದ್ಲು ಒಂದು ಮಾತು. ಲಾಭ ಸವರೋದ್ರಾಗ ಎರಡು ಥರ ಅದಾವ. ಒಂದು, ಅಂದಾಜು ಮಾಡೋಕೆ ಅಕೌಂಟಿಂಗ್ ಸ್ಟ್ಯಾಂಡರ್ಡೇ ಬಿಟ್ಟಿರೋ ಜಾಗದಾಗ ಆಟ ಆಡೋದು, ಅಂದ್ರ ಬರದೇ ಹೋಗಬಹುದಾದ ಬಾಕಿಗೆ ಅಂತ ಲಾಭದಿಂದ ತೆಗೆದಿಡೋ ಡೌಟ್‌ಫುಲ್ ಡೆಟ್ಸ್ ಪ್ರಾವಿಷನ್ ಕಡಿಮಿ ಇಡೋದು, ಮಷೀನಿನ ಆಯುಷ್ಯ ಎರಡು ವರ್ಷ ಜಾಸ್ತಿ ಹಿಡಿಯೋದು, ಇಂಥವು. ಇನ್ನೊಂದು, ಇಲ್ಲದ ಮಾರಾಟನ ಬರೆಯೋದು, ಅದು ನೇರ ಮೋಸ. ಹೊರಗಿಂದ ನೋಡೋನಿಗೆ ಎರಡೂ ಒಂದೇ ಥರ ಕಾಣ್ತಾವ, ಯಾಕಂದ್ರ ಎರಡರೊಳಗೂ ಲಾಭ ಬರ್ತೈತಿ, ರೊಕ್ಕ ಬರಲ್ಲ. ಅದಕ್ಕೇ ರೊಕ್ಕದಿಂದ ಶುರು ಮಾಡೋದು.

ಸ್ಟೆಪ್ 1: ಕ್ಯಾಶ್ ಫ್ಲೋ ಪುಟ ಮೊದ್ಲು ತೆಗೀರಿ

ಲಾಭದ ಪುಟ ಮುಚ್ಚಿಡ್ರಿ. ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್‌ನ ಮೊದಲ ಭಾಗ, ಆಪರೇಟಿಂಗ್ ಆಕ್ಟಿವಿಟೀಸ್ ಅಂತ ಇರ್ತೈತಲ್ಲ, ಅಲ್ಲಿಗೆ ಹೋಗ್ರಿ. ಬಡ್ಡಿ, ತೆರಿಗೆಯ ಸಣ್ಣ ಪುಟ್ಟ ಅಡ್ಜಸ್ಟ್‌ಮೆಂಟ್ ಬಿಟ್ಟು ನಮ್ಮ ಕಂಪನಿದು ಹಿಂಗೈತಿ: ಲಾಭ 14, ಅದಕ್ಕ ರೊಕ್ಕ ಹೊರಗ ಹೋಗದ ಖರ್ಚು ಡಿಪ್ರಿಸಿಯೇಷನ್ 5 ಕೂಡಿಸಿದ್ರ 19. ಗಿರಾಕಿಗಳ ಉದ್ರಿ 48 ನುಂಗೈತಿ, ಸ್ಟಾಕ್ 8 ನುಂಗೈತಿ, ಸಪ್ಲೈಯರ್‌ಗಳಿಗೆ ಕೊಡೋ ಬಾಕಿ ಏರಿದ್ದರಿಂದ 14 ಉಳಿದೈತಿ. ಕೊನೆಗೆ ಮೈನಸ್ 23. ಹೋದ ವರ್ಷ ಲಾಭ 7.2 ಇದ್ದಾಗ ಆಪರೇಟಿಂಗ್ ಕ್ಯಾಶ್ ಪ್ಲಸ್ 8 ಇತ್ತು, ಅಂದ್ರ ಲಾಭಕ್ಕಿಂತ ಒಂಚೂರು ಜಾಸ್ತಿನೇ. ಈ ವರ್ಷ ಲಾಭ ಡಬಲ್ ಆಗೈತಿ, ರೊಕ್ಕ ಕೈ ಬಿಟ್ಟು ಹೋಗೈತಿ. ಆ ರೊಕ್ಕ ತುಂಬಿದ್ದು ಯಾರು ಅಂತ ಕೆಳಗ ಫೈನಾನ್ಸಿಂಗ್ ಭಾಗ ನೋಡಿದ್ರ ಬ್ಯಾಂಕಿನ ಸಿಸಿ ಸಾಲ, ಅಂದ್ರ ಸ್ಟಾಕು-ಉದ್ರಿ ಒತ್ತೆ ಮ್ಯಾಲೆ ತೆಗೆಯೋ ಕ್ಯಾಶ್ ಕ್ರೆಡಿಟ್, 30 ಏರೈತಿ.

ಇದನ್ನ ಒಂದು ಅನುಪಾತದಾಗ ಹಿಡಿಯಬೇಕಂದ್ರ, ಲಾಭದಿಂದ ಆಪರೇಟಿಂಗ್ ಕ್ಯಾಶ್ ಕಳೀರಿ, ಬಂದದ್ದನ್ನ ಸರಾಸರಿ ಒಟ್ಟು ಆಸ್ತಿಯಿಂದ ಭಾಗಿಸ್ರಿ. 14 ರಿಂದ ಮೈನಸ್ 23 ಕಳೆದ್ರ 37, ಆಸ್ತಿ ಸರಾಸರಿ 185, ಉತ್ತರ 0.20. ಹೋದ ವರ್ಷ ಇದು ಸೊನ್ನೆಗಿಂತ ಕೆಳಗಿತ್ತು. ಆದ್ರ ಒಂದೇ ವರ್ಷದ ಅನುಪಾತ ನೋಡಿ ಹೌಹಾರಬ್ಯಾಡ್ರಿ, ಭತ್ತದ ಸುಗ್ಗಿ ಮುಂದ ಜಾಸ್ತಿ ಮಾಲು ಕೊಂಡ ವರ್ಷ ಯಾವ ಪ್ರಾಮಾಣಿಕ ಮಿಲ್ಲಿನೋನಿಗೂ ಕ್ಯಾಶ್ ಮೈನಸ್ ಬರ್ತೈತಿ. ಆವಾಗ ರೊಕ್ಕ ಸ್ಟಾಕ್ ಒಳಗ ಕೂತಿರ್ತೈತಿ. ಇಲ್ಲಿ ಸ್ಟಾಕ್ ನುಂಗಿದ್ದು ಬರೇ 8, ಉದ್ರಿ ನುಂಗಿದ್ದು 48. ಅಕ್ಕಿ ಹೊರಗ ಹೋಗೈತಿ ಅಂತಾರ, ರೊಕ್ಕ ಒಳಗ ಬಂದಿಲ್ಲ.

ಸ್ಟೆಪ್ 2: ಉದ್ರಿ ಎಷ್ಟು ದಿನದ್ದು

ಹೋದ ವರ್ಷ ಉದ್ರಿ 30, ಸೇಲ್ಸ್ 240. 30 ÷ 240 × 365 ಮಾಡಿದ್ರ ಸುಮಾರು 46 ದಿನ. ಈ ವರ್ಷ 78 ÷ 312 × 365, ಅಂದ್ರ 91 ದಿನ. ಸರಿಯಾಗಿ ಡಬಲ್. ಲಾಭದ ಆಟ ಹಿಡಿಯೋಕೆ ಬೆನೈಶ್ ಅನ್ನೋ ಪ್ರೊಫೆಸರು ಕಟ್ಟಿದ ಎಂ-ಸ್ಕೋರ್‌ನಾಗ ಎಂಟು ಅಂಶ ಬರ್ತಾವ, ಅದ್ರಾಗ ಮೊದಲನೇದು ಇದೇ: ಈ ವರ್ಷದ ಉದ್ರಿ-ಸೇಲ್ಸ್ ಅನುಪಾತನ ಹೋದ ವರ್ಷದ್ದರಿಂದ ಭಾಗಿಸೋದು. ಅವರು ನೋಡಿದ ಕಂಪನಿಗಳೊಳಗ ಆಟ ಆಡದೋರ ಸರಾಸರಿ 1.03 ಹತ್ರ, ಆಡಿದೋರ ಸರಾಸರಿ 1.46 ಹತ್ರ ಇತ್ತು. ನಮ್ಮ ಕೇಸ್‌ನಾಗ 2.0.

ಈಗ ಮ್ಯಾನೇಜ್‌ಮೆಂಟ್ ಏನ್ ಹೇಳ್ತೈತಿ ಅಂತ ನೀವೇ ಮೊದ್ಲು ಯೋಚನೆ ಮಾಡ್ರಿ, ಅದು ಭಾಳ ಮುಖ್ಯ. "ಸಾರ್, ನಮ್ದು ಮಾರ್ಚ್‌ನಾಗ ಜಾಸ್ತಿ ಮಾರಾಟ ಆಯ್ತು, ಅದಕ್ಕೇ ವರ್ಷದ ಕೊನೆಗೆ ಉದ್ರಿ ದಪ್ಪ ಕಾಣ್ತೈತಿ." ಇದು ಸುಳ್ಳು ಅಂತ ಮೊದ್ಲೇ ಅನ್ಕೋಬ್ಯಾಡ್ರಿ, ಲೆಕ್ಕ ಹಾಕಿ ನೋಡ್ರಿ.

ಲಿಸ್ಟೆಡ್ ಕಂಪನಿ ಆದ್ರಿಂದ ಮೂರು ತಿಂಗಳಿಗೊಮ್ಮೆ ರಿಸಲ್ಟ್ ಬರ್ತಾವ. ಹೋದ ವರ್ಷದ ನಾಲ್ಕು ಕ್ವಾರ್ಟರ್ 58, 54, 66, 62. ಈ ವರ್ಷ 62, 58, 74, 118. ವರ್ಷಕ್ಕ ಏರಿದ 72 ಕೋಟಿನಾಗ 56 ಬರೇ ಕೊನೇ ಕ್ವಾರ್ಟರ್‌ನಾಗ ಬಂದೈತಿ. ಇನ್ನೊಂದು ಗಮನಿಸ್ರಿ, ಮೇ ತಿಂಗಳಾಗ ಬರೋ ರಿಸಲ್ಟ್ ಕೆಳಗ ಸಣ್ಣ ಅಕ್ಷರದಾಗ ಒಂದು ನೋಟ್ ಇರ್ತೈತಿ, ಕೊನೇ ಕ್ವಾರ್ಟರಿನ ಅಂಕಿ ಅಂದ್ರ ಪೂರ್ತಿ ವರ್ಷದ ಆಡಿಟೆಡ್ ಅಂಕಿಯಿಂದ ಡಿಸೆಂಬರ್‌ವರೆಗಿನ ಅಂಕಿ ಕಳೆದು ಉಳಿದದ್ದು ಅಂತ. ಅಂದ್ರ ಅದು ಕಳೆದು ತೆಗೆದ ಅಂಕಿ, ಹಂಗಾಗಿ ವರ್ಷವಿಡೀ ಆದ ಹೊಂದಾಣಿಕೆ ಎಲ್ಲಾ ಅಲ್ಲೇ ಬಂದು ಬೀಳ್ತಾವ.

ಇರ್ಲಿ, ಮಾರ್ಚ್ ಕಥಿ ಒಪ್ಕೊಂಡು ನೋಡೋಣ. 78 ಉದ್ರಿನ ಕೊನೇ ಕ್ವಾರ್ಟರಿನ 118 ಸೇಲ್ಸ್ ಮ್ಯಾಲೆ ಹಾಕಿದ್ರ, 78 ÷ 118 × 90, ಸುಮಾರು 59 ದಿನ. ಹೋದ ವರ್ಷ ಇದೇ ಥರ ಲೆಕ್ಕ ಹಾಕಿದ್ರ 44 ದಿನ. 46 ರಿಂದ 91ಕ್ಕ ಹಾರಿದ್ದು ಈಗ 44 ರಿಂದ 59 ಆಯ್ತು ನೋಡ್ರಿ. ಅಂದ್ರ ಅವ್ರ ಮಾತಿನಾಗ ಅರ್ಧ ಹುರುಳೈತಿ. ಇಲ್ಲೇ ಭಾಳ ಮಂದಿ ಆಡಿಟರ್‌ಗಳು ಫೈಲ್ ಮುಚ್ಚಿ ಟೀ ಕುಡಿಯಾಕ ಹೋಗ್ತಾರ.

ಮುಚ್ಚಬ್ಯಾಡ್ರಿ. 2021ರ ಏಪ್ರಿಲ್ 1 ರಿಂದ ಕಂಪನಿ ಕಾಯ್ದೆಯ ಶೆಡ್ಯೂಲ್ 3 ಪ್ರಕಾರ ಉದ್ರಿ ಎಷ್ಟು ಹಳೇದು ಅಂತ ಟೇಬಲ್ ಕೊಡ್ಲೇಬೇಕು, ಅದೂ ಡ್ಯೂ ಡೇಟಿನಿಂದ ಲೆಕ್ಕ ಹಿಡಿದು. ನಮ್ಮ ಕಂಪನಿದು ಹಿಂಗೈತಿ: ಇನ್ನೂ ಡ್ಯೂ ಆಗದ್ದು ಮತ್ತ ಆರು ತಿಂಗಳೊಳಗಿಂದು ಕೂಡಿ 55, ಆರು ತಿಂಗಳಿಂದ ವರ್ಷದ್ದು 15, ಒಂದರಿಂದ ಎರಡು ವರ್ಷದ್ದು 8. ಹೋದ ವರ್ಷ ಆರು ತಿಂಗಳು ದಾಟಿದ್ದು ಬರೇ 2 ಇತ್ತು, ಈಗ 23. ಮಾರ್ಚ್‌ನಾಗ ಮಾರಿದ ಅಕ್ಕಿ ಮಾರ್ಚ್ 31ಕ್ಕ ಆರು ತಿಂಗಳ ಹಳೇ ಉದ್ರಿ ಹೆಂಗ ಆಗ್ತೈತಿ? ಮಾರ್ಚ್ ಕಥಿಗೆ 55ರ ಮಟ್ಟಿಗೆ ಜಾಗ ಐತಿ, ಈ 23ಕ್ಕ ಇಲ್ಲ. ಅಂದ್ರ ನಮ್ಮ ಮುಂದ ಎರಡು ಬ್ಯಾರೆ ಬ್ಯಾರೆ ಪ್ರಶ್ನೆ ಅದಾವ, ಒಂದು ಮಾರ್ಚಿನ ಮಾರಾಟ ನಿಜಾನಾ ಅನ್ನೋದು, ಇನ್ನೊಂದು ಹಳೇ ಬಾಕಿ ಬರ್ತೈತಾ ಅನ್ನೋದು. ಎರಡನ್ನ ಕಲಸಬ್ಯಾಡ್ರಿ.

ಸ್ಟೆಪ್ 3: ಹಳೇ ಬಾಕಿಗೆ ಪ್ರಾವಿಷನ್

ಇದು ಸಣ್ಣ ಸ್ಟೆಪ್, ಆದ್ರ ಲಾಭಕ್ಕ ನೇರ ಪೆಟ್ಟು. ಹೋದ ವರ್ಷ 30ಕ್ಕ ಪ್ರಾವಿಷನ್ 0.9, ನೂರಕ್ಕ 3. ಈ ವರ್ಷ 78ಕ್ಕೂ ಅದೇ 0.9, ನೂರಕ್ಕ 1.2 ಹತ್ರ. ಬಾಕಿ ಹಳೇದಾದಂಗ ಪ್ರಾವಿಷನ್ ಏರಬೇಕು, ಇಲ್ಲಿ ದರ ಇಳಿದೈತಿ. ನಾನು ಸುಮ್ನೆ ಒಂದು ಅಂದಾಜು ಹಾಕ್ದೆ, ಹೊಸ 55ಕ್ಕ ನೂರಕ್ಕ 1, 15ಕ್ಕ 20, ಆ 8ಕ್ಕ 50. ಒಟ್ಟು 7.5 ದಾಟ್ತೈತಿ. ಇಟ್ಟಿದ್ದು 0.9. ಅಂದ್ರ ತೆರಿಗೆ ಮುಂಚಿನ ಲಾಭದಾಗ 6.6 ಕೋಟಿ ಸುಮ್ನೆ ಕೂತೈತಿ. ನನ್ನ ದರ ತಪ್ಪಿರಬಹುದು, ಆ ಗಿರಾಕಿಗಳು ಯಾರು ಅನ್ನೋದು ಕಂಪನಿಗೆ ನನಗಿಂತ ಚೊಲೋ ಗೊತ್ತು. ಆದ್ರ ಅವ್ರು ತಮ್ಮ ದರ ಯಾಕ ಇಳಿಸಿದ್ರು ಅಂತ ಇಂಡ್ ಎಎಸ್ 107 ಅನ್ನೋ ಅಕೌಂಟಿಂಗ್ ಸ್ಟ್ಯಾಂಡರ್ಡ್ ಕೇಳೋ ಕ್ರೆಡಿಟ್ ರಿಸ್ಕ್ ನೋಟ್‌ನಾಗ ಒಂದು ಸಾಲು ಇರಬೇಕಿತ್ತು, ಇಲ್ಲ.

ಸ್ಟೆಪ್ 4: ಅಕ್ಕಿಗೆ ಕರೆಂಟ್ ಬೇಕು, ಚೀಲ ಬೇಕು, ಲಾರಿ ಬೇಕು

ನನಗ ಭಾಳ ಇಷ್ಟದ ಸ್ಟೆಪ್ ಇದು, ಯಾಕಂದ್ರ ಇದಕ್ಕ ಸಿಎ ಓದಿರಬೇಕಂತ ಇಲ್ಲ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಮಿಲ್ಲಿನ ಮುಂದ ನಿಂತು ನೋಡಿದ ಯಾರಿಗಾದ್ರೂ ಗೊತ್ತಿರ್ತೈತಿ. ಭತ್ತ ಒಳಗ ಬರ್ತೈತಿ, ನೂರು ಕೆಜಿಗೆ ಸುಮಾರು 67 ಕೆಜಿ ಅಕ್ಕಿ ಬರ್ತೈತಿ, ಸರ್ಕಾರ ಮಿಲ್‌ಗಳಿಂದ ಅಕ್ಕಿ ಮಾಡಿಸಿಕೊಳ್ಳುವಾಗ ಹಿಡಿಯೋ ಲೆಕ್ಕನೂ ಹಸಿ ಅಕ್ಕಿಗೆ 67, ಕುಸುಬಲಕ್ಕಿಗೆ 68. ಅದಕ್ಕ ಕರೆಂಟ್ ಹೋಗ್ತೈತಿ, ಚೀಲ ಹೋಗ್ತೈತಿ, ಹಮಾಲಿ ಕೂಲಿ ಹೋಗ್ತೈತಿ, ಲಾರಿ ಬಾಡಿಗೆ ಹೋಗ್ತೈತಿ. ಮಾರಾಟ ಸುಳ್ಳು ಬರೆಯೋದು ಸುಲಭ, ಕರೆಂಟ್ ಬಿಲ್ ಸುಳ್ಳು ಬರೆಸೋದು ಕಷ್ಟ.

ಅದರ್ ಎಕ್ಸ್‌ಪೆನ್ಸಸ್ ನೋಟ್ ತೆಗೀರಿ. ಪವರ್ ಮತ್ತ ಫ್ಯೂಯೆಲ್ 4.8 ಇದ್ದದ್ದು 4.9. ಪ್ಯಾಕಿಂಗ್ ಮಟೀರಿಯಲ್ 3.6 ಇದ್ದದ್ದು 3.7. ಲಾರಿ ಬಾಡಿಗೆ 5.0 ಇದ್ದದ್ದು 5.2. ಸೇಲ್ಸ್ ನೂರಕ್ಕ 30 ಏರಿದಾಗ ಈ ಮೂರೂ ನೂರಕ್ಕ 2 ರಿಂದ 4 ಅಷ್ಟೇ ಏರ್ಯಾವ. ಅಕ್ಕಿ ರೇಟೇ ನೂರಕ್ಕ 6 ಏರಿತ್ತು ಅಂತ ಹಿಡಿದ್ರೂ ಉಳಿದದ್ದು ಟನ್ ಲೆಕ್ಕದಾಗ ನೂರಕ್ಕ 22ರಷ್ಟು ಏರಿರಬೇಕು. ಮಿಲ್ ಅಷ್ಟು ಓಡಿದ್ದು ಮೀಟರಿಗೇ ಗೊತ್ತಿಲ್ಲ.

ಇಲ್ಲೂ ಒಂದು ಪ್ರಾಮಾಣಿಕ ಉತ್ತರ ಇರಬಹುದು: ನಾವು ಮಿಲ್ ಮಾಡ್ಲಿಲ್ಲ, ಬ್ಯಾರೆಯೋರ ಕಡೆ ರೆಡಿ ಅಕ್ಕಿ ಕೊಂಡು ಮಾರಿದ್ವಿ. ಸರಿ, ಹಂಗಾದ್ರ ಪರ್ಚೇಸ್ ಆಫ್ ಸ್ಟಾಕ್ ಇನ್ ಟ್ರೇಡ್ ಅನ್ನೋ ಸಾಲು ನೋಡ್ರಿ. ಅಲ್ಲೇ ಸಿಕ್ಕಿತು. ಹೋದ ವರ್ಷ 10 ಕೋಟಿಗೆ ತಂದು 10 ಕೋಟಿ ಚಿಲ್ಲರಿಗೆ ಮಾರ್ಯಾರ. ಈ ವರ್ಷ 58ಕ್ಕ ತಂದು 66ಕ್ಕ ಮಾರ್ಯಾರ, ಕೊನೇಗೆ ಅದರ ಸ್ಟಾಕ್ ಏನೂ ಉಳಿದಿಲ್ಲ. ತಾವೇ ಮಿಲ್ ಮಾಡಿದ ಅಕ್ಕಿ 230 ರಿಂದ 246 ಆಗೈತಿ, ಅಂದ್ರ ನೂರಕ್ಕ 7, ಅದ್ರಾಗ 6 ರೇಟಿನದೇ. ಕರೆಂಟ್ ಬಿಲ್ಲಿಗೆ ಈಗ ತಾಳೆ ಆಯ್ತು! ಮಿಲ್ಲಿನ ಧಂದೆ ನಿಂತಲ್ಲೇ ನಿಂತೈತಿ, ಬೆಳೆದದ್ದು ಪೂರಾ ಟ್ರೇಡಿಂಗ್.

58ಕ್ಕ ತಂದು 66ಕ್ಕ ಮಾರೋದು ಅಂದ್ರ ಸೇಲ್ಸಿನ ಮ್ಯಾಲೆ ನೂರಕ್ಕ 12 ಮಾರ್ಜಿನ್. ಮುಟ್ಟದೆ, ಹಸನ ಮಾಡದೆ, ಚೀಲ ಬದ್ಲಿಸದೆ, ಲಾರಿಗೂ ಕೊಡದೆ ಹೋಲ್‌ಸೇಲ್ ಅಕ್ಕಿನಾಗ 12 ಉಳಿಯೋದು ನಮ್ಮ ದಲಾಲಿ ಅಂಗಡಿಯೋರಿಗೆ ಹೇಳಿ ನೋಡ್ರಿ, ಎಲ್ಲಿ ಸ್ವಾಮಿ ಅಂಥ ಗಿರಾಕಿ, ನಮಗೂ ತೋರಿಸ್ರಿ ಅಂತಾರ. ಈ ವರ್ಷ ತೆರಿಗೆ ಮುಂಚಿನ ಲಾಭ ಏರಿದ್ದು ಸುಮಾರು 9 ಕೋಟಿ. ಅದ್ರಾಗ 8 ಈ ಟ್ರೇಡಿಂಗ್‌ನಿಂದ ಬಂದೈತಿ.

ಈಗ ಸ್ಟೆಪ್ 1ರ ಅಂಕಿ ಮತ್ತ ನೆನಪು ಮಾಡ್ಕೊಳ್ರಿ. ಟ್ರೇಡಿಂಗ್ ಖರೀದಿ 48 ಏರೈತಿ, ಸಪ್ಲೈಯರ್ ಬಾಕಿ 14 ಏರೈತಿ, ಅಂದ್ರ ಹೆಚ್ಚುಕಮ್ಮಿ 34 ಕೋಟಿ ರೊಕ್ಕ ಹೊರಗ ಹೋಗೈತಿ. ಮಾರಾಟ 56 ಏರೈತಿ, ಉದ್ರಿ 48 ಏರೈತಿ, ಒಳಗ ಬಂದದ್ದು 8ರ ಆಸುಪಾಸು. ಕಂಪನಿ ಸಿಸಿ ಸಾಲ ತಂದು ಸಪ್ಲೈಯರಿಗೆ ಕೊಟ್ಟೈತಿ, ಗಿರಾಕಿ ಕಡೆಯಿಂದ ಬಂದಿಲ್ಲ. ಮೂರು ಕಂಪನಿ ಸೇರಿ ಮಾಲಿಲ್ದೇ ಒಬ್ಬರಿಂದ ಒಬ್ಬರಿಗೆ ಬಿಲ್ ಸುತ್ತಿಸಿದ್ರೂ ಇಂಥದೇ ಚಿತ್ರ ಬರ್ತೈತಿ, ಹುಂಬತನದಿಂದ ಕಂಡಕಂಡೋರಿಗೆ ಉದ್ರಿ ಕೊಟ್ರೂ ಇಂಥದೇ ಚಿತ್ರ ಬರ್ತೈತಿ. ಪ್ರಿಂಟ್ ಆದ ಅಂಕಿ ಇದಕ್ಕಿಂತ ಮುಂದ ಹೇಳಲ್ಲ.

ಸ್ಟೆಪ್ 5: ಬ್ಯಾಂಕಿಗೆ ಏನ್ ಹೇಳ್ಯಾರ

ಆಡಿಟ್ ರಿಪೋರ್ಟ್ ಕ್ಲೀನ್ ಐತಿ ಅಂದ್ನೆಲ್ಲ, ಅದರ ಹಿಂದ ಒಂದು ಅನೆಕ್ಶರ್ ಇರ್ತೈತಿ, ಕ್ಯಾರೋ 2020 ಅನ್ನೋ ಸರ್ಕಾರಿ ಆದೇಶದ ಪ್ರಕಾರ ಬರೆಯೋದು. ಯಾರೂ ಓದಲ್ಲ. ಅದ್ರಾಗ ಕ್ಲಾಸ್ 3(2)(ಬಿ) ಅಂತ ಐತಿ, ಸ್ಟಾಕು-ಉದ್ರಿ ಒತ್ತೆ ಮ್ಯಾಲೆ 5 ಕೋಟಿಗಿಂತ ಜಾಸ್ತಿ ವರ್ಕಿಂಗ್ ಕ್ಯಾಪಿಟಲ್ ಲಿಮಿಟ್ ಇದ್ರ, ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ಕೊಟ್ಟ ಸ್ಟೇಟ್‌ಮೆಂಟ್ ಮತ್ತ ಬುಕ್ಸ್ ತಾಳೆ ಆಗ್ತಾವೋ ಇಲ್ವೋ ಅಂತ ಆಡಿಟರ್ ಬರೀಬೇಕು. ನಮ್ಮ ಕೇಸ್‌ನಾಗ ಮಾರ್ಚ್‌ಗೆ ಬುಕ್ಸ್‌ನಾಗ ಉದ್ರಿ 78, ಬ್ಯಾಂಕಿಗೆ ಹೇಳಿದ್ದು 52. ಕಾರಣ: "90 ದಿನ ದಾಟಿದ ಬಾಕಿ ಡ್ರಾಯಿಂಗ್ ಪವರ್‌ಗೆ ಸೇರಿಸಿಲ್ಲ." ಡ್ರಾಯಿಂಗ್ ಪವರ್ ಅಂದ್ರ ಒತ್ತೆಯ ಲೆಕ್ಕದ ಮ್ಯಾಲೆ ಬ್ಯಾಂಕ್ ತೆಗೆಯೋಕೆ ಬಿಡೋ ಸಾಲದ ಮಿತಿ.

ಆರ್ಟಿಕಲ್ ಹುಡುಗ ಇದನ್ನ ಇನ್ನೊಂದು ರೆಡ್ ಫ್ಲ್ಯಾಗ್ ಅಂತ ಕೆಂಪು ಪೆನ್ನಿನಾಗ ಗೀಚ್ತಾನ. ತಡೀರಿ. ಆರು ತಿಂಗಳು ದಾಟಿದ 23 ಕಳೆದ್ರ 55 ಆಯ್ತು, 52ಕ್ಕೂ ಅದಕ್ಕೂ 3 ಅಷ್ಟೇ ವ್ಯತ್ಯಾಸ, ಅದು ಮೂರರಿಂದ ಆರು ತಿಂಗಳಿನ ಬಾಕಿ ಇರಬಹುದು. ಅಂದ್ರ ಇದು ಹೊಸ ಫ್ಲ್ಯಾಗ್ ಅಲ್ಲ, ಸ್ಟೆಪ್ 2ರಾಗ ಕಂಡದ್ದೇ ಇಲ್ಲಿ ಬ್ಯಾರೆ ಅಂಗಿ ಹಾಕ್ಕೊಂಡು ಬಂದೈತಿ. ಒಂದೇ ತಪ್ಪನ್ನ ಎರಡು ಸಲ ಎಣಿಸಿದ್ರ ಕಂಪನಿಯೋರು ಒಂದಕ್ಕ ಉತ್ತರ ಕೊಟ್ಟು ಎರಡನ್ನೂ ಹೊಡೆದು ಹಾಕ್ತಾರ. ಆದ್ರ ಇದ್ರ ಉಪಯೋಗ ಬ್ಯಾರೆ ಐತಿ. ಬ್ಯಾಂಕಿಗೆ "ಈ ಬಾಕಿ ಹಳೇದು, ಇದರ ಮ್ಯಾಲೆ ಸಾಲ ಕೇಳಲ್ಲ" ಅಂತ ಕೈಯಾರೆ ಬರೆದು ಕೊಟ್ಟೋರು, ಶೇರ್‌ಹೋಲ್ಡರ್‌ಗೆ ಅದೇ ಬಾಕಿಗೆ ಪ್ರಾವಿಷನ್ ಬ್ಯಾಡ ಅಂತಾರ. ಸ್ಟೆಪ್ 3ರಾಗ ನನ್ನ ಅಂದಾಜು ಬರೇ ಅಂದಾಜಾಗಿತ್ತು, ಈಗ ಅದಕ್ಕ ಅವ್ರದೇ ಸಹಿ ಸಿಕ್ಕಿತು.

ಸ್ಟೆಪ್ 6: ಒಳಗ ಹೋಗೋ ಅಧಿಕಾರ ಇದ್ರ

ಇಲ್ಲೀವರೆಗೂ ಮನಿಯಾಗ ಕೂತು ಮಾಡೋ ಕೆಲಸ. ಇನ್ನ ಮುಂದಿಂದು ಆಡಿಟರ್ ಕೆಲಸ. ಆಡಿಟಿಂಗ್ ಸ್ಟ್ಯಾಂಡರ್ಡ್ ಎಸ್‌ಎ 240 ಪ್ರಕಾರ ರೆವಿನ್ಯೂನಾಗ ಮೋಸದ ರಿಸ್ಕ್ ಐತಿ ಅಂತ ಮೊದ್ಲೇ ಹಿಡಿದು ಶುರು ಮಾಡ್ಬೇಕು, ಇಲ್ಲ ಅನ್ನೋದಾದ್ರ ಯಾಕ ಅಂತ ಫೈಲ್‌ನಾಗ ಬರೀಬೇಕು.

ಮಾರ್ಚ್ ಕೊನೇ ಹತ್ತು ದಿನದ ಬಿಲ್ ತೆಗೆಸಿದ್ವಿ, 40 ಕೋಟಿ ಅದಾವ ಅನ್ಕೊಳ್ರಿ. ಕೆಜಿಗೆ 50 ರೂಪಾಯಿ ಹಿಡಿದ್ರ 8,000 ಟನ್. ಲಾರಿಗೆ 25 ಟನ್ ಅಂದ್ರ 320 ಲಾರಿ, ದಿನಕ್ಕ 32. ಹೋಗಿ ಗೇಟ್ ರಿಜಿಸ್ಟರ್ ನೋಡ್ರಿ, ವಾಚ್‌ಮನ್ ಜೊತಿ ಐದು ನಿಮಿಷ ಮಾತಾಡ್ರಿ. ಮಾಲು ನಮ್ಮ ಗೋಡೌನಿಗೆ ಬರಲೇ ಇಲ್ಲ, ಸಪ್ಲೈಯರ್ ಕಡೆಯಿಂದ ಸೀದಾ ಗಿರಾಕಿಗೆ ಹೋಯ್ತು ಅಂದ್ರ ಲಾರಿ ರಸೀದಿ, ಹಾಕಿದ ಕಡೆ ಮತ್ತ ಇಳಿಸಿದ ಕಡೆ ಎರಡೂ ಕಾಟಾ ಚೀಟಿ ಕೇಳ್ರಿ, ಲಾರಿ ನಂಬರ್ ವಾಹನ್ ಪೋರ್ಟಲ್‌ನಾಗ ಹಾಕಿ ನೋಡ್ರಿ, ಅದು ಲಾರಿನೋ ಸ್ಕೂಟರೋ ಗೊತ್ತಾಗ್ತೈತಿ.

ಇಲ್ಲಿ ಅಕ್ಕಿಯದೇ ಒಂದು ತೊಡಕು ಐತಿ. ಎಲ್ಲಾರೂ ಇ-ವೇ ಬಿಲ್ ನೋಡ್ರಿ ಅಂತಾರ. 2022ರ ಜುಲೈನಿಂದ 25 ಕೆಜಿವರೆಗಿನ ಲೇಬಲ್ ಪ್ಯಾಕಿಗೆ 5 ಪರ್ಸೆಂಟ್ ಜಿಎಸ್‌ಟಿ ಬಂತು, ಅದಕ್ಕಿಂತ ದೊಡ್ಡ ಚೀಲಕ್ಕ ಇಲ್ಲ. ಅಂಗಡಿನಾಗ 26 ಕೆಜಿ ಚೀಲ ಯಾಕ ಬಂತು ಅಂತ ಮನ್ಯಾಗ ಯಾರಾದ್ರೂ ಕೇಳಿದ್ರ ಇದೇ ಉತ್ತರ. ಜಿಎಸ್‌ಟಿ ಇಲ್ಲದ ಅಕ್ಕಿಗೆ ಇ-ವೇ ಬಿಲ್ಲೂ ಬೇಕಿಲ್ಲ. ಹಂಗಾಗಿ ಇ-ವೇ ಬಿಲ್ ಇಲ್ಲ ಅಂದ ತಕ್ಷಣ ಮೋಸ ಅಂತ ಬರೀಬ್ಯಾಡ್ರಿ, ಕಾಟಾ ಚೀಟಿನೇ ಇಲ್ಲಿ ಗಟ್ಟಿ ಸಾಕ್ಷಿ.

ಆಮ್ಯಾಲೆ ಏಪ್ರಿಲ್, ಮೇ ತಿಂಗಳ ಕ್ರೆಡಿಟ್ ನೋಟ್. ಮಾರ್ಚ್‌ನಾಗ ಬರೆದ ಮಾರಾಟ ಏಪ್ರಿಲ್‌ನಾಗ "ಕ್ವಾಲಿಟಿ ಸರಿ ಇಲ್ಲ" ಅಂತ ವಾಪಸ್ ಬಂದಿದ್ರ ಅಲ್ಲಿ ಸಿಗ್ತೈತಿ. ಆ ಗಿರಾಕಿ-ಸಪ್ಲೈಯರ್‌ಗಳು ಯಾರು ಅಂತ ಕೇಂದ್ರ ಸರ್ಕಾರ ಕಂಪನಿಗಳ ದಾಖಲೆ ಇಡೋ ಎಂಸಿಎ ಪೋರ್ಟಲ್‌ನಾಗ ನೋಡ್ರಿ, ಯಾವಾಗ ಹುಟ್ಟಿದ ಕಂಪನಿ, ಡೈರೆಕ್ಟರ್ ಯಾರು, ರಿಜಿಸ್ಟರ್ಡ್ ಅಡ್ರೆಸ್ ಯಾವುದು. ಕೊಳ್ಳೋನು, ಮಾರೋನು ಇಬ್ರದೂ ಒಂದೇ ಕಟ್ಟಡದ ಒಂದೇ ಮಹಡಿ ಅಂದ್ರ ರಿಲೇಟೆಡ್ ಪಾರ್ಟಿ ನೋಟ್‌ನಾಗ ಹೆಸರಿರಲಿ ಬಿಡ್ಲಿ, ಕೂತು ಮಾತಾಡೋ ವಿಷಯ ಅದು.

ಬಾಕಿ ಕನ್ಫರ್ಮೇಷನ್ ಪತ್ರ ಕಳಿಸುವಾಗ ಕಂಪನಿಯ ಅಕೌಂಟೆಂಟ್ "ಕೊಡ್ರಿ ಸಾರ್ ನಾನೇ ಕಳಿಸಿ ಉತ್ತರ ತರಿಸ್ತೀನಿ" ಅಂತಾನ, ಭಾಳ ಒಳ್ಳೇ ಮನುಷ್ಯ ಇರ್ತಾನ ಪಾಪ. ಕೊಡಬ್ಯಾಡ್ರಿ. ಸತ್ಯಂ ಸಾಫ್ಟ್‌ವೇರ್ ಕಂಪನಿ ನೆನಪೈತಲ್ಲ, 2009ರ ಜನವರಿ 7ಕ್ಕ ಅದರ ಛೇರ್ಮನ್ ರಾಮಲಿಂಗರಾಜು ಬರೆದ ಪತ್ರದಾಗ, ಬುಕ್ಸ್‌ನಾಗಿರೋ 5,361 ಕೋಟಿ ಕ್ಯಾಶು-ಬ್ಯಾಂಕ್ ಬ್ಯಾಲೆನ್ಸ್‌ನಾಗ 5,040 ಕೋಟಿ ಇಲ್ಲವೇ ಇಲ್ಲ ಅಂತಿತ್ತು. ಅಲ್ಲಿ ಆಡಿಟರ್‌ಗಳು ಬ್ಯಾಂಕ್ ಕನ್ಫರ್ಮೇಷನ್ ಕಳಿಸಿ ತರಿಸೋ ಹಿಡಿತ ತಮ್ಮ ಕೈಯಾಗ ಇಟ್ಕೊಂಡಿರಲಿಲ್ಲ ಅಂತ ಅಮೆರಿಕದ ರೆಗ್ಯುಲೇಟರ್‌ಗಳು 2011ರಾಗ ಆದೇಶದಾಗೇ ಬರೆದು ದಂಡ ಹಾಕಿದ್ರು. ಎಸ್‌ಎ 505 ಹೇಳೋದೂ ಅದೇ, ಅಡ್ರೆಸ್ ನೀವೇ ಚೆಕ್ ಮಾಡಿ, ನೀವೇ ಕಳಿಸಿ, ಉತ್ತರ ನಿಮ್ಮ ಆಫೀಸಿಗೇ ಬರಬೇಕು. ಬಂದ ಉತ್ತರನೂ ಪೂರ್ತಿ ನಂಬೋ ಹಂಗಿಲ್ಲ, ಬಿಲ್ ಸುತ್ತಿಸೋ ಗುಂಪಿನೋನು "ಹೌದ್ರಿ, ಕೊಡಬೇಕು" ಅಂತ ಖುಷಿಲೇ ಸಹಿ ಹಾಕ್ತಾನ. ಅವನು ಆಮ್ಯಾಲೆ ರೊಕ್ಕ ಕೊಟ್ನಾ, ಕೊಟ್ಟ ರೊಕ್ಕ ಅವನ ಅಕೌಂಟಿಗೆ ಹಿಂದಿನ ದಿನ ಎಲ್ಲಿಂದ ಬಂತು, ಅಲ್ಲೀತನ ಹೋಗಬೇಕು.

ಸ್ಟೆಪ್ 7: ಬರೆಯೋದು

ಪ್ರಾವಿಷನ್ ಕಡಿಮಿ ಐತಿ, ಕಂಪನಿ ಏರಿಸಲ್ಲ ಅಂತೈತಿ ಅಂದ್ರ ಅದು ತಪ್ಪು ಲೆಕ್ಕದ ಪ್ರಶ್ನೆ, ಮೊತ್ತ ಮಟೀರಿಯಲ್, ಅಂದ್ರ ಓದೋರ ತೀರ್ಮಾನ ಬದಲಿಸೋವಷ್ಟು ದೊಡ್ಡದು ಆಗಿದ್ರಿಂದ ಒಪೀನಿಯನ್ ಕ್ವಾಲಿಫೈ ಮಾಡ್ಬೇಕಾಗ್ತೈತಿ, ಅಂದ್ರ ಇದೊಂದು ಬಿಟ್ಟು ಉಳಿದ ಲೆಕ್ಕ ಸರಿ ಅಂತ ಬರೀಬೇಕಾಗ್ತೈತಿ, ನಮ್ಮ ಕೇಸ್‌ನಾಗ ಸುಮಾರು 18.7ರ ತೆರಿಗೆ ಮುಂಚಿನ ಲಾಭಕ್ಕ 6.6 ಅಂದ್ರ ಮೂರನೇ ಒಂದು ಭಾಗ, ಮಟೀರಿಯಲ್ ಅಲ್ಲ ಅನ್ನೋಕೆ ಬಾಯಿ ಬರಲ್ಲ. ಟ್ರೇಡಿಂಗ್ ಮಾರಾಟಕ್ಕ ಸಾಕ್ಷಿ ಸಿಗ್ಲಿಲ್ಲ ಅಂದ್ರ ಅದು ಬ್ಯಾರೆ, ಸಾಕ್ಷಿ ಸಿಕ್ಕಿಲ್ಲ ಅಂತಾನೇ ಬರೀರಿ, ಮೋಸ ಅಂತ ಬರೀಬ್ಯಾಡ್ರಿ. ಕಂಪನಿಯ ಆಫೀಸರ್‌ಗಳೋ ನೌಕರರೋ 1 ಕೋಟಿ ಅಥವಾ ಅದಕ್ಕೂ ಮಿಕ್ಕಿ ಮೋಸ ಮಾಡ್ಯಾರ ಅಂತ ನಂಬೋಕೆ ಕಾರಣ ಸಿಕ್ರ ಮಾತ್ರ ಕಂಪನಿ ಕಾಯ್ದೆ 143(12) ಬರ್ತೈತಿ, ಎರಡು ದಿನದೊಳಗ ಬೋರ್ಡಿಗೋ ಆಡಿಟ್ ಕಮಿಟಿಗೋ ತಿಳಿಸಿ, 45 ದಿನದೊಳಗ ಉತ್ತರ ಕೇಳಿ, ಆಮ್ಯಾಲೆ ಕೇಂದ್ರ ಸರ್ಕಾರಕ್ಕ ಎಡಿಟಿ-4 ಫಾರ್ಮ್ ಹಾಕೋದು.

ನೀವು ಆಡಿಟರ್ ಅಲ್ಲ, ಹೊರಗಿನ ಓದುಗ ಅಂದ್ರ ಇಷ್ಟೆಲ್ಲಾ ಆಗಲ್ಲ, ಆದ್ರ ಕಾಯೋದು ಆಗ್ತೈತಿ. ಜೂನ್ ಕ್ವಾರ್ಟರ್ ರಿಸಲ್ಟ್ ಆಗಸ್ಟ್ 14ರೊಳಗ ಬರ್ತೈತಿ. ಹೋದ ಜೂನ್‌ನಾಗ 62 ಇದ್ದ ಮಾರಾಟ ಈ ಸಲ 41ಕ್ಕ ಇಳಿದ್ರ ಮಾರ್ಚ್‌ನಾಗ ಮಾರಿದ್ದು ವಾಪಸ್ ಬಂದಿರಬಹುದು. ಅದ್ರಾಗ ಬ್ಯಾಲೆನ್ಸ್ ಶೀಟ್ ಇರಲ್ಲ, ಅದಕ್ಕ ಸೆಪ್ಟೆಂಬರಿನ ಅರ್ಧ ವರ್ಷದ ರಿಸಲ್ಟ್ ಬೇಕು, ನವೆಂಬರ್ 14ರೊಳಗ. ಅಲ್ಲಿ ಟ್ರೇಡ್ ರಿಸೀವಬಲ್ಸ್, ಅಂದ್ರ ಉದ್ರಿಯ ಸಾಲು ನೋಡ್ರಿ. 78 ಇದ್ದದ್ದು 40ಕ್ಕ ಬಂದು, ಸಿಸಿ ಸಾಲನೂ ಅಷ್ಟೇ ಇಳಿದಿದ್ರ ನನ್ನ ಅನುಮಾನ ತಪ್ಪು, ಗಿರಾಕಿ ರೊಕ್ಕ ಕೊಟ್ಟಾನ. ಉದ್ರಿ ಇಳಿದು ಸಾಲ ಹಂಗೇ ಇದ್ದು, "ಅಡ್ವಾನ್ಸ್ ಟು ಸಪ್ಲೈಯರ್ಸ್" ಅನ್ನೋ ಸಾಲು ದಿಢೀರ್ ಅಂತ ಅಷ್ಟೇ ದಪ್ಪ ಆಗಿದ್ರ, ಬಾಕಿ ವಸೂಲಾಗಿಲ್ಲ, ಹೆಸರು ಬದಲಾಗೈತಿ ಅಷ್ಟೇ. ಮತ್ತ ಸ್ಟೆಪ್ 1ಕ್ಕ ಹೋಗ್ರಿ.